ಐದು ತಿಂಗಳ ಮಗು ರಾತ್ರಿ ಮಲಗಲೆಂದು ಶೀತದ ಡ್ರಾಪ್ಸ್ ಅರ್ಧ ಚಮಚ ಕೊಡಬಹುದೇ?

ಬೆಳದಿಂಗಳು

ಅಕ್ಕನ ಮಗುವಿಗೆ ಐದು ತಿಂಗಳು, ತೂಕ 6 ಕಿಲೋ. ರಾತ್ರಿ ಎರಡು ಗಂಟೆಗೊಮ್ಮೆ ಏಳುತ್ತದೆ. ಅಕ್ಕ, ಭಾವ ಇಬ್ಬರೂ ಸುಸ್ತಾಗಿ ಹೋಗಿದ್ದಾರೆ. ಮನೆಗೆ ಬಂದವರೊಬ್ಬರು "ಶೀತದ ಔಷಧ ಅರ್ಧ ಚಮಚ ಹಾಕಿ, ಬೆಳಗಿನವರೆಗೂ ಹಾಯಾಗಿ ಮಲಗುತ್ತೆ, ನಾವೆಲ್ಲ ಹಾಗೇ ಮಾಡಿದ್ದು" ಅಂದಿದ್ದಾರೆ. ಮನೆಯಲ್ಲಿ ದೊಡ್ಡ ಮಗುವಿಗೆ ತಂದಿದ್ದ ಬಾಟಲಿ ಇದೆ. ಅದರ ಮೇಲೆ ಬರೆದಿರುವುದನ್ನು ಅಕ್ಕ ಫೋಟೋ ತೆಗೆದು ಕಳಿಸಿದಳು: ಪ್ರತಿ ಮಿ.ಲೀ.ನಲ್ಲಿ ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ, ಫಿನೈಲ್‌ಎಫ್ರಿನ್ 5 ಮಿ.ಗ್ರಾಂ. ಮಗುವಿಗೆ ಮೂಗು ಸ್ವಲ್ಪ ಕಟ್ಟಿದೆ, ಜ್ವರ ಇಲ್ಲ. ಕೊಡಬಹುದಾ? ಬೇಡ ಅನ್ನುವವರು ಯಾಕೆ ಬೇಡ ಅಂತಲೂ ಹೇಳಿ. "ಡಾಕ್ಟರು ಬೇಡ ಅಂತಾರೆ" ಅಂದರೆ ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಮಾತ್ರೆಪೆಟ್ಟಿಗೆ

ಕೊಡಬೇಡಿ. ಕಾರಣ ಬಾಟಲಿಯ ಮೇಲೇ ಇದೆ, ಲೆಕ್ಕ ಹಾಕಿ ತೋರಿಸುತ್ತೇನೆ. ಫಾರ್ಮಸಿಯಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ನೀವು ಓದಿದ್ದು "ಪ್ರತಿ ಮಿ.ಲೀ." ಅಂದರೆ ಅದು ಡ್ರಾಪ್ಸ್, ಸಿರಪ್ ಅಲ್ಲ. ಕ್ಲೋರ್‌ಫೆನಿರಮಿನ್ ಸಿರಪ್ ಸಾಮಾನ್ಯವಾಗಿ ಬರುವುದು ಪ್ರತಿ 5 ಮಿ.ಲೀ.ಗೆ 2 ಮಿ.ಗ್ರಾಂ ಸಾಂದ್ರತೆಯಲ್ಲಿ. ಆ ಸಿರಪ್‌ನಲ್ಲಿ ಅರ್ಧ ಚಮಚ, ಅಂದರೆ 2.5 ಮಿ.ಲೀ., ತೆಗೆದರೆ 1 ಮಿ.ಗ್ರಾಂ ಆಗುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ಅಲರ್ಜಿಗೆಂದು ಬರೆಯುವ ಪ್ರಮಾಣ ಅದು. "ಅರ್ಧ ಚಮಚ" ಅನ್ನುವ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಆ ಮಾತು ಬಾಯಿಂದ ಬಾಯಿಗೆ ಬಂತು, ಯಾವ ಬಾಟಲಿಗೆ ಹೇಳಿದ್ದು ಅನ್ನುವುದು ದಾರಿಯಲ್ಲೇ ಬಿದ್ದುಹೋಯಿತು.

ಅದೇ ಅರ್ಧ ಚಮಚವನ್ನು ನಿಮ್ಮ ಡ್ರಾಪ್ಸ್‌ನಲ್ಲಿ ತೆಗೆದರೆ ಕ್ಲೋರ್‌ಫೆನಿರಮಿನ್ 5 ಮಿ.ಗ್ರಾಂ, ಫಿನೈಲ್‌ಎಫ್ರಿನ್ 12.5 ಮಿ.ಗ್ರಾಂ. ದೊಡ್ಡವರ ಮಾತ್ರೆಯಲ್ಲಿ ಒಂದು ಸಲಕ್ಕೆ ಇರುವುದು ಕ್ರಮವಾಗಿ 4 ಮತ್ತು 10. ಅಂದರೆ 6 ಕಿಲೋ ಮಗುವಿನ ಹೊಟ್ಟೆಗೆ ಬೆಳೆದ ಗಂಡಸಿನ ಮಾತ್ರೆಗಿಂತ ಹೆಚ್ಚು ಔಷಧ ಹೋಗುತ್ತದೆ. 60 ಕಿಲೋ ಮನುಷ್ಯನ ಜೊತೆ ತೂಕಕ್ಕೆ ತೂಕ ಹೋಲಿಸಿದರೆ ಹನ್ನೆರಡು ಪಟ್ಟು. ಮನೆಯವರಿಗೆ ಇದೊಂದು ಲೆಕ್ಕ ಹೇಳಿ ನೋಡಿ.

ಇನ್ನೊಂದು ವಿಷಯ. ಇದೇ ಎರಡು ಔಷಧಗಳ ಇದೇ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಬರೆಯಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ. ಹಳೆಯ ಬಾಟಲಿಯಲ್ಲಿ ಆ ಸಾಲು ಇರಲಿಕ್ಕಿಲ್ಲ.

ಹಳೆಬೇರು

ಇಂಗ್ಲಿಷ್ ಔಷಧದ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಅದಕ್ಕೇ ಹಿಂದಿನವರು ಅದರ ಗೋಜಿಗೆ ಹೋಗುತ್ತಿರಲಿಲ್ಲ. ಜಾಯಿಕಾಯಿಯನ್ನು ಕಲ್ಲಿನ ಮೇಲೆ ಎರಡೇ ಸುತ್ತು ತೇಯ್ದು ಹಾಲಿನಲ್ಲಿ ಕೊಟ್ಟರೆ ಸಾಕು. ಹೊಟ್ಟೆ ಉಬ್ಬರವೂ ಇಳಿಯುತ್ತದೆ, ನಿದ್ದೆಯೂ ಬರುತ್ತದೆ. ಸಸ್ಯದ್ದು, ರಾಸಾಯನಿಕ ಅಲ್ಲ. ಪ್ರಮಾಣ ಮೀರಬಾರದು ಅಷ್ಟೇ. ಕಹಿ ಅನ್ನಿಸಿದರೆ ಒಂದು ತೊಟ್ಟು ಜೇನು.

ಮಕ್ಕಳವಾರ್ಡ್

ಹಳೆಬೇರು ಅವರೇ, "ಪ್ರಮಾಣ ಮೀರಬಾರದು" ಅಂದಿರಲ್ಲ, ಅಷ್ಟು ಮಾತ್ರ ನಿಜ. ತೊಡಕಿರುವುದೂ ಅಲ್ಲೇ. ಎರಡು ಸುತ್ತು ಅಂದರೆ ಎಷ್ಟು? ಕಾಯಿ ಹಳೆಯದೋ ಹೊಸದೋ, ಕಲ್ಲು ಒರಟೋ ನುಣುಪೋ, ಕೈ ಎಷ್ಟು ಒತ್ತಿತು ಅನ್ನುವುದರ ಮೇಲೆ ಸುತ್ತಿನಿಂದ ಸುತ್ತಿಗೆ ತೂಕ ಹಲವು ಪಟ್ಟು ಬದಲಾಗುತ್ತದೆ. ಜಾಯಿಕಾಯಿಯಲ್ಲಿ ಮಂಪರು ತರುವ ಮಿರಿಸ್ಟಿಸಿನ್ ಎಂಬ ಎಣ್ಣೆಯಂಶವಿದೆ, ಅದೂ ರಾಸಾಯನಿಕವೇ. ದೊಡ್ಡವರಲ್ಲಿ ಸುಮಾರು ಒಂದು ಇಡೀ ಕಾಯಿಯಷ್ಟು ತಿಂದರೆ ಎದೆಬಡಿತ ಏರುವುದು, ಬಾಯಿ ಒಣಗುವುದು, ಗೊಂದಲ ಎಲ್ಲವೂ ಕಾಣಿಸುತ್ತವೆ. ಐದು ತಿಂಗಳ ಮಗುವಿಗೆ ಸುರಕ್ಷಿತ ಪ್ರಮಾಣ ಇಷ್ಟು ಎಂದು ಯಾರೂ ಅಳೆದಿಟ್ಟಿಲ್ಲ.

ಅದರ ಪರಿಣಾಮ ಶುರುವಾಗುವುದು ಕೂಡಲೇ ಅಲ್ಲ, ಮೂರರಿಂದ ಆರು ಗಂಟೆ ಹಿಡಿಯಬಹುದು. ಮನೆಯಲ್ಲಿ ಏನಾಗುತ್ತದೆ ಯೋಚಿಸಿ. ಎಂಟಕ್ಕೆ ಕೊಟ್ಟರು, ಹತ್ತಾದರೂ ಮಗು ಮಲಗಲಿಲ್ಲ, ಸಾಲಲಿಲ್ಲವೇನೋ ಎಂದು ಮತ್ತೊಮ್ಮೆ ತೇಯ್ದರು. ನಡುರಾತ್ರಿ ಎರಡೂ ಒಟ್ಟಿಗೆ ಏರುವ ಹೊತ್ತಿಗೆ ಮನೆಯವರೆಲ್ಲ ಗಾಢ ನಿದ್ದೆಯಲ್ಲಿರುತ್ತಾರೆ.

ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಅದರಲ್ಲಿ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ನಮ್ಮ ಕರುಳಿನಲ್ಲಿ ಅದು ಮೊಳೆಯುವುದಿಲ್ಲ, ಎಳೆಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಕುದಿಸಿದರೂ ಬೀಜಕಣ ಸಾಯುವುದಿಲ್ಲ. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪುವ ಬಲ ಕುಗ್ಗುವುದು, ಅಳು ಕ್ಷೀಣವಾಗುವುದು, ರೆಪ್ಪೆ ಜೋತುಬೀಳುವುದು, ಕತ್ತು ನಿಲ್ಲದಿರುವುದು. "ಮಗು ಈಗ ಶಾಂತವಾಗಿದೆ, ಅಳುವುದೇ ಇಲ್ಲ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಸ್ನಾಯುಗಳು ಸೋಲತೊಡಗಿರುತ್ತವೆ.

ಗಸಗಸೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾರಾದರೂ ಕೇಳುವ ಮೊದಲು. ಅದರ ಕಾಯಿಯ ಹಾಲಿನಲ್ಲಿ ಮಾರ್ಫಿನ್ ಇರುತ್ತದೆ, ಬೀಜದ ಮೇಲೆ ಅದು ಎಷ್ಟು ಅಂಟಿದೆ ಎನ್ನುವುದು ಚೀಲದಿಂದ ಚೀಲಕ್ಕೆ ಬೇರೆ. ಮಾರ್ಫಿನ್ ನೇರವಾಗಿ ಉಸಿರಾಟವನ್ನೇ ನಿಧಾನ ಮಾಡುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಮಲಗಿಸಲು ಮಾರ್ಫಿನ್ ಬೆರೆಸಿದ ಸಿರಪ್ ಮನೆಮನೆಯಲ್ಲಿತ್ತು. ಅದು ಮಕ್ಕಳ ಜೀವ ತೆಗೆಯುತ್ತದೆ ಎಂದು ಅಲ್ಲಿನ ವೈದ್ಯರ ಸಂಘ 1911ರಲ್ಲಿ ಬಹಿರಂಗವಾಗಿ ಬರೆಯಿತು.

ಎರಡುಜಡೆ

ನಮ್ಮ ಮಗುವಿಗೆ ಏಳು ತಿಂಗಳಲ್ಲಿ ಕಿವಿ ಪರೀಕ್ಷೆ ಮಾಡುವಾಗ ಆಸ್ಪತ್ರೆಯಲ್ಲೇ ಟ್ರೈಕ್ಲೋಫಾಸ್ ಸಿರಪ್ ಕುಡಿಸಿ ಮಲಗಿಸಿದರು. ಏನೂ ತೊಂದರೆ ಆಗಲಿಲ್ಲ. ಮುಕ್ಕಾಲು ಬಾಟಲಿ ಮನೆಯಲ್ಲಿ ಉಳಿದಿದೆ, ತೂಕಕ್ಕೆ ಎಷ್ಟು ಮಿ.ಲೀ. ಅನ್ನುವುದೂ ಚೀಟಿಯಲ್ಲಿದೆ. ಡಾಕ್ಟರೇ ಕೊಟ್ಟ ಔಷಧ, ಡಾಕ್ಟರೇ ಬರೆದ ಅಳತೆ. ಅಂಥದ್ದನ್ನು ಅಪರೂಪಕ್ಕೊಮ್ಮೆ ಕೊಟ್ಟರೆ ಸಿರಪ್ ಡ್ರಾಪ್ಸ್‌ನ ಈ ಗೊಂದಲ ಇರುವುದಿಲ್ಲವಲ್ಲ?

ಮಕ್ಕಳವಾರ್ಡ್

ಅಳತೆಯ ಗೊಂದಲ ಇಲ್ಲ, ನಿಜ. ಆದರೆ ಅಂದು ಮಗುವನ್ನು ಕಾಪಾಡಿದ್ದು ಅಳತೆಯೊಂದೇ ಅಲ್ಲ. ಕೊಡುವ ಮೊದಲು ಇಷ್ಟು ಹೊತ್ತು ಹಾಲು ಕೊಡಬೇಡಿ ಅಂದಿದ್ದು ನೆನಪಿದೆಯಾ? ಮಂಪರಿನಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಾರದು ಎಂದು. ಬೆರಳಿಗೋ ಪಾದಕ್ಕೋ ಕೆಂಪು ದೀಪದ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಿದ್ದರು. ಕೊಠಡಿಯಲ್ಲಿ ಮಾಸ್ಕ್, ಬ್ಯಾಗ್ ಸಿದ್ಧವಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಮಗು ಎದ್ದು, ಕಣ್ಣು ಹಾಯಿಸಿ, ಹಾಲು ಕುಡಿಯುವವರೆಗೂ ಮನೆಗೆ ಬಿಟ್ಟಿರಲಿಕ್ಕಿಲ್ಲ. ಅದೇ ಔಷಧವನ್ನು ಹಾಲು ಕುಡಿದ ಮಗುವಿಗೆ, ಕತ್ತಲೆ ಕೋಣೆಯಲ್ಲಿ, ಎಲ್ಲರೂ ಮಲಗುವ ಮೊದಲು ಕೊಟ್ಟರೆ ಔಷಧ ಒಂದೇ, ಕಾವಲು ಮಾತ್ರ ಒಂದೂ ಇಲ್ಲ.

ಟ್ರೈಕ್ಲೋಫಾಸ್ ದೇಹದಲ್ಲಿ ಒಡೆದು ಇನ್ನೊಂದು ಪದಾರ್ಥವಾಗಿ ಕೆಲಸ ಮಾಡುತ್ತದೆ, ಅದು ಬಹಳ ಹೊತ್ತು ನಿಲ್ಲುವಂಥದ್ದು. ಎಳೆಮಕ್ಕಳ ಯಕೃತ್ತು ಅದನ್ನು ಹೊರಹಾಕುವುದು ಇನ್ನೂ ನಿಧಾನ. ಎರಡು ರಾತ್ರಿ ಸಾಲಾಗಿ ಕೊಟ್ಟರೆ ಎರಡನೆಯದು ಮೊದಲನೆಯದರ ಉಳಿಕೆಯ ಮೇಲೆ ಬೀಳುತ್ತದೆ.

ಮಾತ್ರೆಪೆಟ್ಟಿಗೆ

ಎರಡುಜಡೆ ಅವರೇ, ಆ ಬಾಟಲಿಯನ್ನು ಮನೆಯಿಂದ ತೆಗೆಯಿರಿ. ಸಿಂಕಿಗೆ ಸುರಿಯಬೇಡಿ. ವಾಪಸ್ ತೆಗೆದುಕೊಳ್ಳುವ ಫಾರ್ಮಸಿ ಇದ್ದರೆ ಅಲ್ಲಿಗೆ. ಇಲ್ಲವಾದರೆ ಮಣ್ಣಿನ ಜೊತೆ ಕಲಸಿ, ದಪ್ಪ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.

ರಾತ್ರಿಪಾಳಿ

ಒಂದು ಸಂಶಯ. ನೀವೆಲ್ಲ ಹೇಳುತ್ತಿರುವುದು ತಪ್ಪು ಪ್ರಮಾಣದ ಅಪಾಯ. ಸರಿಯಾದ ಪ್ರಮಾಣದಲ್ಲಿ, ವೈದ್ಯರು ಹೇಳಿದಷ್ಟೇ ಅಲರ್ಜಿ ಸಿರಪ್ ಕೊಟ್ಟರೆ ಮಗು ಮಲಗುವುದಂತೂ ಹೌದಲ್ಲ? ಪ್ರಯೋಜನ ಇದೆ, ಅಪಾಯವೂ ಇದೆ, ತೂಗಿ ನೋಡಬೇಕು ಅನ್ನಿ.

ಮಕ್ಕಳವಾರ್ಡ್

ಮಲಗುವುದೇ ಹೌದಾ ಎಂದು ಒಮ್ಮೆ ಪರೀಕ್ಷಿಸಿ ನೋಡಿದ್ದಾರೆ. ಡೈಫೆನ್‌ಹೈಡ್ರಮಿನ್ ಕ್ಲೋರ್‌ಫೆನಿರಮಿನ್‌ನ ಗುಂಪಿನದೇ ಔಷಧ. ಅಮೆರಿಕದಲ್ಲಿ 6ರಿಂದ 15 ತಿಂಗಳ, ರಾತ್ರಿ ಪದೇ ಪದೇ ಏಳುವ 44 ಮಕ್ಕಳನ್ನು ಎರಡು ಗುಂಪು ಮಾಡಿ, ಅರ್ಧದಷ್ಟು ಮಕ್ಕಳಿಗೆ ಆ ಔಷಧ, ಉಳಿದವರಿಗೆ ಔಷಧವಿಲ್ಲದ ಸಿರಪ್ ಒಂದು ವಾರ ಕೊಟ್ಟರು. ಯಾವುದು ಯಾವ ಬಾಟಲಿ ಎಂದು ತಂದೆತಾಯಿಗೆ ಗೊತ್ತಿರಲಿಲ್ಲ. ಔಷಧ ಪಡೆದ 22 ಮಕ್ಕಳಲ್ಲಿ ಒಂದು ಮಗು ಸುಧಾರಿಸಿತು. ಬರೀ ಸಿರಪ್ ಕುಡಿದ 22ರಲ್ಲಿ ಮೂರು. ಪ್ರಯೋಜನ ಕಾಣುತ್ತಿಲ್ಲವೆಂದು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. 2006ರಲ್ಲಿ ಪ್ರಕಟವಾಯಿತು. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ತಕ್ಕಡಿಯ "ಪ್ರಯೋಜನ"ದ ತಟ್ಟೆಯಲ್ಲಿ ಹಾಕಲು ನಮ್ಮ ಕೈಯಲ್ಲಿ ಇರುವುದು ಇಷ್ಟೇ.

ಹಾಗಾದರೆ ಕೊಟ್ಟವರೆಲ್ಲ "ಮಲಗಿತು" ಅನ್ನುವುದೇಕೆ? ಕೆಲವು ಮಕ್ಕಳು ನಿಜಕ್ಕೂ ತೂಕಡಿಸುತ್ತವೆ. ಕೆಲವು ಉಲ್ಟಾ ಕೆರಳಿ ರಾತ್ರಿಯಿಡೀ ಒದ್ದಾಡುತ್ತವೆ. ಇನ್ನು ಕೆಲವು ಔಷಧ ಕೊಡದಿದ್ದರೂ ಅಂದು ಮಲಗುತ್ತಿದ್ದವು. ಮಲಗಿದ್ದು ಮಾತ್ರ ಮನೆಯವರ ನೆನಪಿನಲ್ಲಿ ಉಳಿಯುತ್ತದೆ.

ಈಗ ಅಪಾಯದ ತಟ್ಟೆ. ಎಳೆಮಗು ನಿದ್ದೆಯಿಂದ ಏಳುವುದು ಕೆಟ್ಟ ಅಭ್ಯಾಸವಲ್ಲ, ಅದೇ ಅದರ ರಕ್ಷಣೆ. ಹೊದಿಕೆ ಮುಖದ ಮೇಲೆ ಬಂತು ಅಂದುಕೊಳ್ಳಿ. ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತಾ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಸರಿಯಿರುವ ಮಗು ಮೊದಲು ಒಂದು ದೊಡ್ಡ ನಿಟ್ಟುಸಿರು ಬಿಡುತ್ತದೆ, ಆಮೇಲೆ ಬೆಚ್ಚಿ ಕೈಕಾಲು ಆಡಿಸುತ್ತದೆ, ಮುಖ ಹೊರಳಿಸುತ್ತದೆ, ಆಗಲೂ ಸರಿಹೋಗದಿದ್ದರೆ ಎದ್ದು ಅಳುತ್ತದೆ. ಮಂಪರು ತರುವ ಔಷಧ ಈ ಮೆಟ್ಟಿಲುಗಳಲ್ಲಿ ಪ್ರತಿಯೊಂದನ್ನೂ ತಡ ಮಾಡುತ್ತದೆ. ನಾವು ಬಯಸುವ "ಏಳದೆ ಮಲಗುವುದು" ಮತ್ತು ನಾವು ಹೆದರುವ "ಏಳಲಾಗದೆ ಹೋಗುವುದು" ಒಂದೇ ಕಡೆಯಿಂದ ಬರುತ್ತವೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆಯುವ ಪ್ರಮಾಣ ಎಂಬುದಿಲ್ಲ. ಈ ವಯಸ್ಸಿನಲ್ಲಿ ನಿದ್ದೆಗೆಂದು ವೈದ್ಯರು ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದೇ.

ಇದೇ ಗುಂಪಿನ ಪ್ರೊಮೆಥಜಿನ್ ಮೇಲೆ ಅಮೆರಿಕದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆಯೇ ಇದೆ: ಎರಡು ವರ್ಷದೊಳಗೆ ಕೊಡಲೇಬಾರದು, ಉಸಿರಾಟ ಕುಗ್ಗಿ ಮಕ್ಕಳು ಸತ್ತಿದ್ದಾರೆ. ಆ ಸಾವುಗಳು ಒಂದೇ ಪ್ರಮಾಣಕ್ಕೆ ಕಟ್ಟುಬಿದ್ದಿರಲಿಲ್ಲ. ತೂಕಕ್ಕೆ ತಕ್ಕಂತೆ ಕೊಟ್ಟಾಗಲೂ ಆಗಿವೆ. ರಾತ್ರಿಪಾಳಿ ಅವರ ಪ್ರಶ್ನೆಗೆ ಉತ್ತರ ಅಲ್ಲಿದೆ.

ಬೆಳದಿಂಗಳು

ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಆಗ ಗೊತ್ತಾಯಿತು, ನಿನ್ನೆ ರಾತ್ರಿ ಒಂಬತ್ತಕ್ಕೇ ಕೊಟ್ಟುಬಿಟ್ಟಿದ್ದಾರೆ. ಅರ್ಧ ಚಮಚ ಅಲ್ಲ, ಬಾಟಲಿಯ ಜೊತೆ ಬಂದ ಡ್ರಾಪರ್ ಒಂದು ತುಂಬ, 1 ಮಿ.ಲೀ. ಈಗ ಮಧ್ಯಾಹ್ನ ಹನ್ನೆರಡು. ಬೆಳಿಗ್ಗೆ ಆರಕ್ಕೆ ಎದ್ದಿದೆ, ಹಾಲು ಸ್ವಲ್ಪ ಕುಡಿದು ಮತ್ತೆ ಮಲಗಿದೆ. ಎದ್ದ ಮೇಲೆ ಒಂದೇ ಸಲ ಡಯಾಪರ್ ಒದ್ದೆಯಾಗಿದೆ, ಅದೂ ಸ್ವಲ್ಪ. ಎಬ್ಬಿಸಿದರೆ ಕಣ್ಣು ಬಿಡುತ್ತದೆ. ಏನು ಮಾಡಬೇಕು?

ಮಾತ್ರೆಪೆಟ್ಟಿಗೆ

1 ಮಿ.ಲೀ. ಅಂದರೆ 2 ಮಿ.ಗ್ರಾಂ ಕ್ಲೋರ್‌ಫೆನಿರಮಿನ್. ತೂಕಕ್ಕೆ ಹೋಲಿಸಿದರೆ ದೊಡ್ಡವರ ಮಾತ್ರೆಯ ಐದು ಪಟ್ಟು. ಮಕ್ಕಳಲ್ಲಿ ಇದು ಅರ್ಧಕ್ಕಿಳಿಯಲು ಸುಮಾರು ಹತ್ತು ಹನ್ನೆರಡು ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಹದಿನೈದು ಗಂಟೆ ಕಳೆದರೂ ಒಳಗೆ ಇನ್ನೂ ಇದೆ. ಇಂದು ಇನ್ನೊಂದು ತೊಟ್ಟೂ ಬೇಡ. ಮೂಗಿನದು, ಹೊಟ್ಟೆಯದು, ಯಾವ ಔಷಧವೂ ಬೇಡ.

ಮಕ್ಕಳವಾರ್ಡ್

ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಎಬ್ಬಿಸಿದರೆ ಕಣ್ಣು ಬಿಡುತ್ತದೆ ಅನ್ನುವುದು ಒಳ್ಳೆಯದು. ಆದರೆ ಹಾಲು ಕಡಿಮೆ, ಮೂತ್ರ ಕಡಿಮೆ ಅನ್ನುವ ಎರಡು ಮಾತು ಸಾಕು ಮನೆಯಲ್ಲಿ ಕಾಯದಿರಲು. ಈ ಔಷಧ ಮೂತ್ರಕೋಶವನ್ನು ಖಾಲಿಯಾಗಲು ಬಿಡುವುದಿಲ್ಲ. ಬಾಯಿ, ಕಣ್ಣು ಒಣಗಿಸುತ್ತದೆ, ಬೆವರು ತಡೆದು ಮೈ ಬಿಸಿ ಮಾಡುತ್ತದೆ, ಎದೆಬಡಿತ ಏರಿಸುತ್ತದೆ. ಮೂತ್ರ ಬರದಿರುವುದು ಹಾಲು ಕಡಿಮೆಯಾಗಿದ್ದಕ್ಕೋ, ಮೂತ್ರ ಕಟ್ಟಿದ್ದಕ್ಕೋ ಎಂದು ಹೊಟ್ಟೆ ಮುಟ್ಟಿ ನೋಡಿದರೆ ವೈದ್ಯರಿಗೆ ಗೊತ್ತಾಗುತ್ತದೆ.

ಹೊರಡುವ ಮೊದಲು ಅಂಗಿ ಸರಿಸಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಎಳೆಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಐದು ಹತ್ತು ಸೆಕೆಂಡ್ ನಿಂತು ಮತ್ತೆ ಶುರುವಾಗುವುದು ಈ ವಯಸ್ಸಿನಲ್ಲಿ ಸಹಜ. ಇಪ್ಪತ್ತು ಸೆಕೆಂಡ್ ನಿಂತರೆ, ತುಟಿ ನೀಲಿಗಟ್ಟಿದರೆ, ಕೈಕಾಲು ಜೋತುಬಿದ್ದರೆ, ಪಾದ ತಟ್ಟಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಆಂಬ್ಯುಲೆನ್ಸ್‌ಗೇ ಕರೆ ಮಾಡಬೇಕು. ವಾಂತಿ ಮಾಡಿಸಬಾರದು. ಮಂಪರು ಇಳಿಯಲೆಂದು ನೀರು, ಕಾಫಿ ಏನೂ ಬಾಯಿಗೆ ಹಾಕಬಾರದು.

ಬಾಟಲಿಯನ್ನೇ ಜೊತೆಗೆ ಒಯ್ಯಲಿ, ಡ್ರಾಪರ್ ಸಮೇತ. ಎಷ್ಟು ಗಂಟೆಗೆ, ಎಷ್ಟು, ಒಂದೇ ಸಲವೋ ಎರಡು ಸಲವೋ ಎಂದು ಮನೆಯ ಎಲ್ಲರನ್ನೂ ಕೇಳಿ ಬರೆದುಕೊಳ್ಳಲಿ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಎರಡು ಸಲ ಆಗಿರುವುದು ಅಪರೂಪವಲ್ಲ. ಅಲ್ಲಿ ಬಯ್ಯುತ್ತಾರೆ ಎಂದು ಹೆದರಿ "ಏನೂ ಕೊಟ್ಟಿಲ್ಲ" ಅನ್ನಬಾರದು. ಹಾಗಂದರೆ ವೈದ್ಯರು ಮಂಪರಿಗೆ ಬೇರೆ ಕಾರಣ ಹುಡುಕುತ್ತಾರೆ, ಮೆದುಳಿನ ಸೋಂಕು ಇರಬಹುದೆಂದು ಬೆನ್ನಿಗೆ ಸೂಜಿ ಹಾಕಬೇಕಾಗುತ್ತದೆ.

ಹಳೆಬೇರು

ಮಗು ಬೇಗ ಹುಷಾರಾಗಲಿ. ಜೇನಿನ ವಿಷಯ ಗೊತ್ತಿರಲಿಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜಾಯಿಕಾಯಿಯ ಬಗ್ಗೆ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ತಲೆಮಾರುಗಳಿಂದ ಕೊಟ್ಟಿದ್ದಾರೆ.

ಮಕ್ಕಳವಾರ್ಡ್

ಕೊಟ್ಟಿದ್ದಾರೆ, ಮತ್ತು ಬಹುಪಾಲು ಮಕ್ಕಳಿಗೆ ಏನೂ ಆಗಿಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾತ್ರಿ ಮಲಗಿದ್ದ ಮಗು ಬೆಳಿಗ್ಗೆ ಏಳದಿದ್ದಾಗ ಹಿಂದಿನ ಸಂಜೆ ತೇಯ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ತಲೆಮಾರುಗಳ ಅನುಭವದಲ್ಲಿ ಒಂದು ಕಡೆಯ ಲೆಕ್ಕ ಮಾತ್ರ ಉಳಿದಿದೆ.

ಬೆಳದಿಂಗಳು

ಆಸ್ಪತ್ರೆಯಿಂದ ಈಗ ಬಂದರು. ಆಮ್ಲಜನಕ ಸರಿಯಿತ್ತು. ಎದೆಬಡಿತ ಸ್ವಲ್ಪ ಹೆಚ್ಚಿತ್ತಂತೆ. ಸಂಜೆಯವರೆಗೆ ಇಟ್ಟುಕೊಂಡು ನೋಡಿದರು. ನಾಲ್ಕಕ್ಕೆ ಚೆನ್ನಾಗಿ ಹಾಲು ಕುಡಿಯಿತು, ಎರಡು ಸಲ ಮೂತ್ರ ಹೋಯಿತು, ಆಮೇಲೆ ಕಳಿಸಿದರು. ರಾತ್ರಿಯೂ ಯಾರಾದರೊಬ್ಬರು ಪಕ್ಕದಲ್ಲಿ ಎಚ್ಚರವಿರಿ ಅಂದಿದ್ದಾರೆ. ಅಕ್ಕ ಅಳುತ್ತಿದ್ದಾಳೆ. ಈಗ ಅವಳ ಪ್ರಶ್ನೆ: ಔಷಧ ಬೇಡ ಸರಿ, ಹಾಗಾದರೆ ರಾತ್ರಿ ಎರಡು ಗಂಟೆಗೊಮ್ಮೆ ಏಳುವುದಕ್ಕೆ ಏನು ಮಾಡಲಿ?

ಮಕ್ಕಳವಾರ್ಡ್

ಅಕ್ಕನಿಗೆ ಹೇಳಿ, ಕೇಳಿದ ಕೂಡಲೇ ಕರೆದುಕೊಂಡು ಹೋದದ್ದು ತುಂಬ ಒಳ್ಳೆಯದಾಯಿತು.

ಮೊದಲು ಮೂಗು ನೋಡಲಿ. ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಹಾಲು ಕುಡಿಯುವಾಗ ನಡುವೆ ಬಿಟ್ಟು ಬಿಟ್ಟು ಕುಡಿಯುತ್ತದೆ, ಹೊಟ್ಟೆ ತುಂಬುವುದಿಲ್ಲ, ಎರಡು ಗಂಟೆಗೆ ಮತ್ತೆ ಹಸಿವು. ಫಾರ್ಮಸಿಯಲ್ಲಿ ಸಿಗುವ ಬರೀ ಉಪ್ಪುನೀರಿನ ಮೂಗಿನ ಹನಿ, ಪ್ರತಿ ಹೊಳ್ಳೆಗೆ ಒಂದೆರಡು, ಹಾಲು ಕೊಡುವ ಹತ್ತು ನಿಮಿಷ ಮೊದಲು. ಲೇಬಲ್‌ನಲ್ಲಿ ಸೋಡಿಯಂ ಕ್ಲೋರೈಡ್ 0.65 ಅಥವಾ 0.9 ಶೇಕಡಾ ಎಂದಷ್ಟೇ ಇರಬೇಕು, ಮೂಗು ಬಿಡಿಸುವ ಬೇರೆ ಔಷಧದ ಹೆಸರು ಇರಬಾರದು. ಶೀತದ ಡ್ರಾಪ್ಸ್ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಸಿಂಬಳವನ್ನು ಗಟ್ಟಿ ಮಾಡಿ ಒಣಗಿಸುತ್ತದೆ.

ಆಮೇಲೆ ಹಗಲಿನ ಹಾಲು. ಹಗಲು ಗದ್ದಲದಲ್ಲಿ ಅರೆಬರೆ ಕುಡಿದ ಮಗು ರಾತ್ರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಹಗಲು ಒಂದು ಮೂಲೆಯ ಶಾಂತ ಕೋಣೆಯಲ್ಲಿ ಕೊಟ್ಟು ನೋಡಲಿ. ಐದು ತಿಂಗಳಿಗೆ ರಾತ್ರಿ ಒಂದೆರಡು ಸಲ ಹಾಲು ಬೇಕೆನಿಸುವುದು ಸಹಜ, ಅದನ್ನು ಪೂರ್ತಿ ನಿಲ್ಲಿಸುವ ಗುರಿ ಈಗ ಬೇಡ. ಉಳಿದ ಸಲ ಎದ್ದಾಗ ದೀಪ ಹಾಕದೆ, ಮಾತಾಡದೆ, ಎರಡು ನಿಮಿಷ ಕಾದು ನೋಡಲಿ. ಬಹಳ ಸಲ ಅದು ಅರೆನಿದ್ದೆಯ ಮುಲುಕಾಟ ಅಷ್ಟೇ. ಎತ್ತಿಕೊಂಡರೆ ಪೂರ್ತಿ ಎಚ್ಚರವಾಗುತ್ತದೆ. ಅಂಗಾತ ಮಲಗಿಸಬೇಕು, ಗಟ್ಟಿ ಸಮತಟ್ಟು ಹಾಸಿಗೆ, ಪಕ್ಕದಲ್ಲಿ ದಿಂಬು, ಗೊಂಬೆ, ಸಡಿಲ ಹೊದಿಕೆ ಇರಬಾರದು.

ರಾತ್ರಿಯನ್ನು ಇಬ್ಬರೂ ಹಂಚಿಕೊಳ್ಳಲಿ. ಇಬ್ಬರೂ ಒಟ್ಟಿಗೆ ಎಂಟು ಸಲ ಏಳುವ ಬದಲು ಒಬ್ಬರು ಒಂದು ಗಂಟೆಯವರೆಗೆ, ಇನ್ನೊಬ್ಬರು ಅಲ್ಲಿಂದ ಮುಂದೆ. ಒಬ್ಬರಿಗೆ ನಾಲ್ಕೈದು ಗಂಟೆ ಒಂದೇ ಸಮ ನಿದ್ದೆ ಸಿಕ್ಕರೆ ಔಷಧದ ಬಾಟಲಿಯ ಕಡೆ ಕೈ ಹೋಗುವುದು ನಿಲ್ಲುತ್ತದೆ. ತೀರಾ ಸಹನೆ ಕೆಟ್ಟ ಹೊತ್ತಿನಲ್ಲಿ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಪಕ್ಕದ ಕೋಣೆಗೆ ಹೋಗಿ ಕೂರಲಿ, ಅಳಲಿ ಬಿಡಿ. ಅಲುಗಾಡಿಸುವುದಕ್ಕಿಂತ, ಔಷಧ ಹಾಕುವುದಕ್ಕಿಂತ ಅದು ಎಷ್ಟೋ ಮೇಲು.

ರಾತ್ರಿಪಾಳಿ

ಪ್ಯಾರಸಿಟಮಾಲ್ ಕೊಟ್ಟರೆ? ಅದು ಮಂಪರಿನ ಔಷಧ ಅಲ್ಲವಲ್ಲ. ಹಲ್ಲು ಬರುವ ನೋವಿಗೆ ಏಳುತ್ತಿರಬಹುದು.

ಮಾತ್ರೆಪೆಟ್ಟಿಗೆ

ಮಂಪರು ತರುವುದಿಲ್ಲ, ಆದ್ದರಿಂದಲೇ ನಿದ್ದೆಗೆಂದು ಕೊಡುವುದರಲ್ಲಿ ಅರ್ಥವಿಲ್ಲ. ನೋವು, ಜ್ವರ ನಿಜವಾಗಿ ಇದ್ದರೆ ಮಾತ್ರ ತೂಕ ನೋಡಿ ಕೊಡುವುದು. ಅಲ್ಲೂ ಡ್ರಾಪ್ಸ್ ಸಿರಪ್ ಬಲೆ ಇದ್ದೇ ಇದೆ. ಡ್ರಾಪ್ಸ್ ಪ್ರತಿ ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ, ಸಿರಪ್ 5 ಮಿ.ಲೀ.ಗೆ 120 ಅಥವಾ 250 ಇರುತ್ತದೆ. ಪ್ರತಿ ರಾತ್ರಿ ಅಭ್ಯಾಸವಾಗಿ ಕೊಡುತ್ತಾ ಹೋದರೆ ಯಕೃತ್ತಿಗೆ ಪೆಟ್ಟು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಮನೆಯಲ್ಲಿ ಔಷಧ ಹಾಕಿ ಕಾಯುವುದಲ್ಲ, ಅದೇ ದಿನ ವೈದ್ಯರ ಬಳಿ ಹೋಗುವುದು.

ಎರಡುಜಡೆ

ಬಾಟಲಿ ಫಾರ್ಮಸಿಗೆ ಕೊಟ್ಟುಬಂದೆ. ಇನ್ನೊಂದು ಕೇಳಬೇಕು. ಈಗ ಮಗುವಿಗೆ ಹತ್ತು ತಿಂಗಳು, ಮೈಮೇಲೆಲ್ಲ ಎಕ್ಸಿಮಾ. ಚರ್ಮದ ವೈದ್ಯರು ರಾತ್ರಿಗೆ ಹೈಡ್ರಾಕ್ಸಿಜಿನ್ ಬರೆದಿದ್ದಾರೆ, ತುರಿಸಿಕೊಂಡು ಎದ್ದೇಳುತ್ತದೆ ಎಂದು. ಇದೂ ಮಂಪರಿನ ಔಷಧವೇ ಅಲ್ಲವೇ? ಇಲ್ಲಿ ಓದಿದ ಮೇಲೆ ಕೊಡಲು ಕೈ ಬರುತ್ತಿಲ್ಲ.

ಮಕ್ಕಳವಾರ್ಡ್

ಇಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಎಕ್ಸಿಮಾದ ತುರಿಕೆಯ ಮೇಲೆ ಈ ಔಷಧದ ನೇರ ಪ್ರಭಾವ ತೀರಾ ಕಡಿಮೆ. ಅದು ಮಾಡುವುದು ಮಂಪರು ತರುವುದನ್ನೇ. ಹಾಗಿದ್ದೂ ಬ್ರಿಟನ್ನಿನ ಮಾರ್ಗಸೂಚಿಯಲ್ಲಿ, ಆರು ತಿಂಗಳು ಮೇಲ್ಪಟ್ಟ ಮಗುವಿಗೆ ಎಕ್ಸಿಮಾ ಕೆರಳಿ ನಿದ್ದೆ ತೀರಾ ಕೆಟ್ಟಿದ್ದರೆ ಒಂದೆರಡು ವಾರದ ಮಟ್ಟಿಗೆ ಕೊಟ್ಟು ನೋಡಬಹುದು ಎಂದು ಇದೆ. ನಾನಾದರೆ ಎರಡು ವರ್ಷದೊಳಗೆ ಬರೆಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ದಪ್ಪಗೆ ಮಾಯಿಶ್ಚರೈಸರ್, ಕೆಂಪಾದ ಕಡೆ ವೈದ್ಯರು ಹೇಳಿದ ಸ್ಟಿರಾಯ್ಡ್ ಮುಲಾಮು ಸರಿಯಾಗಿ ಹಚ್ಚಿದರೆ ಬಹಳ ಮಕ್ಕಳಿಗೆ ಇದು ಬೇಕಾಗುವುದಿಲ್ಲ. ಮುಲಾಮಿಗೆ ಹೆದರಿ ತೆಳ್ಳಗೆ ಸವರಿ, ಆಮೇಲೆ ರಾತ್ರಿಗೆ ಮಂಪರಿನ ಸಿರಪ್ ಕೊಡುವುದು ತಲೆಕೆಳಗಾದ ಲೆಕ್ಕ. ಆದರೆ ನಿಮ್ಮ ಮಗುವನ್ನು ನೋಡಿದವರು ಅವರು, ನಾನಲ್ಲ.

ಮಾತ್ರೆಪೆಟ್ಟಿಗೆ

ನಾನು ಅಷ್ಟು ದೂರ ಹೋಗುವುದಿಲ್ಲ. ಮಗುವನ್ನು ಕಣ್ಣಾರೆ ನೋಡಿ, ತೂಕ ಹಿಡಿದು, ಕೆಲವೇ ದಿನಕ್ಕೆ ಬರೆದ ಔಷಧ ಬೇರೆ, ಮನೆಯಲ್ಲಿ ಉಳಿದ ಬಾಟಲಿ ಬೇರೆ. ಸುಮ್ಮನೆ ಕೊಡದೆ ಬಿಡಬೇಡಿ, ವೈದ್ಯರಿಗೇ ಫೋನ್ ಮಾಡಿ. ಮೂರು ವಿಷಯ ಕೇಳಿ: ಎಷ್ಟು ಮಿ.ಲೀ., ಯಾವ ದಿನಾಂಕಕ್ಕೆ ನಿಲ್ಲಿಸಬೇಕು, ಹೃದಯದ ತೊಂದರೆ ಅಥವಾ ಜೊತೆಗಿರುವ ಬೇರೆ ಔಷಧ ಅವರಿಗೆ ಗೊತ್ತಿದೆಯೇ. ನಿಲ್ಲಿಸುವ ದಿನಾಂಕವನ್ನು ಪೆನ್ನಿನಲ್ಲಿ ಬಾಟಲಿಯ ಮೇಲೇ ಬರೆದುಬಿಡಿ.